ನಾಲ್ಕು ವರ್ಷ ಮಲಗಿದ್ದ ತೋಟದ ಚಾನೆಲ್: 143 ಹಳೇ ವಿಡಿಯೋ ಇಟ್ಟುಕೊಳ್ಳೋದಾ, ಮುಚ್ಚೋದಾ?

ತುಂಗಾತೀರದ ತೋಟ (ತೀರ್ಥಹಳ್ಳಿ) · ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. 2018ರಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಯೂಟ್ಯೂಬ್ ಚಾನೆಲ್ ಶುರು ಮಾಡಿದ್ದೆವು. 2021ರ ಆಗಸ್ಟ್‌ನಲ್ಲಿ ಅತ್ತೆಯವರಿಗೆ ಹುಷಾರಿಲ್ಲದಾಯಿತು. ಆಮೇಲೆ ಒಂದು ವಿಡಿಯೋವನ್ನೂ ಹಾಕಲಿಲ್ಲ. ಸಬ್‌ಸ್ಕ್ರೈಬರ್ಸ್ 2,900 ಜನ ಇದ್ದಾರೆ. ಈ ಸಲ ಕೊಯ್ಲು ಮುಗಿದು ಕೈ ಸ್ವಲ್ಪ ಖಾಲಿಯಾಗಿದೆ, ಮತ್ತೆ ಶುರು ಮಾಡಬೇಕು ಅಂತ ಇಬ್ಬರಿಗೂ ಆಸೆ.

ಮೊನ್ನೆ ಕೂತು ಹಳೇದನ್ನೆಲ್ಲ ನೋಡಿದೆವು. ಒಟ್ಟು 143 ವಿಡಿಯೋ. ಅದರಲ್ಲಿ 41 "ಇಂದಿನ ಅಡಿಕೆ ಧಾರಣೆ". ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಅಂತ ಫೋನ್ ನೋಡಿಕೊಂಡು ಓದಿದ್ದು. ಇನ್ನು 36 ಆಗುಂಬೆ, ಕುಂದಾದ್ರಿ, ಜೋಗ, ಕವಲೇದುರ್ಗ ಸುತ್ತಾಡಿದ್ದು. 17 ಮನೆಯ ಮದುವೆ, ಉಪನಯನ, ದೀಪಾವಳಿ. ಉಳಿದ 49ರಲ್ಲಿ 27 ತೋಟದ ಕೆಲಸ, 22 ಅಡುಗೆ. ಚಾನೆಲ್ ಹೆಸರು ನಮ್ಮ ಮನೆಹೆಸರಿನ ಮುಂದೆ "ವ್ಲಾಗ್ಸ್" ಅಂತ ಸೇರಿಸಿದ್ದು. ಬ್ಯಾನರ್‌ನಲ್ಲಿ ಯಾವುದೋ ಇಂಟರ್ನೆಟ್ ಫೋಟೋ ಇದೆ.

ಈಗ ಹೊಸ ವಿಡಿಯೋ ಹಾಕಿದರೆ, ಅದನ್ನು ನೋಡಿ ಚಾನೆಲ್ ಒಳಗೆ ಬಂದವರಿಗೆ 2019ರ ಅಡಿಕೆ ರೇಟು ಕಾಣುತ್ತದೆ. ಹಳೇದನ್ನೆಲ್ಲ ಡಿಲೀಟ್ ಮಾಡಬೇಕಾ? ಮರೆ ಮಾಡಿದರೆ ಸಾಕಾ? ವಾರಕ್ಕೆ ಎಷ್ಟು ಹಾಕಬೇಕು? ತಿಳಿದವರು ಹೇಳಿ.

ಘಾಟಿ ಹುಡುಗ · ಮಾರ್ಚ್ 9

ಅಕ್ಕ, ನನ್ನ ಅಭಿಪ್ರಾಯ ಕೇಳಿದರೆ ಎಲ್ಲ ಡಿಲೀಟ್ ಮಾಡಿ. ಕಡಿಮೆ ವ್ಯೂಸ್ ಇರುವ ವಿಡಿಯೋ ಜಾಸ್ತಿ ಇದ್ದರೆ ಅಲ್ಗಾರಿದಮ್ ಇಡೀ ಚಾನೆಲ್ ಅನ್ನೇ ಕೆಳಗೆ ತಳ್ಳುತ್ತದೆ. ನಾಲ್ಕು ವರ್ಷ ಸುಮ್ನೆ ಇದ್ದ ಚಾನೆಲ್ ಸತ್ತ ಹಾಗೆ. ಹೊಸ ಚಾನೆಲ್ ಮಾಡಿದರೆ ಇನ್ನೂ ಒಳ್ಳೆಯದು. ಪ್ರವಾಸ, ಅಡುಗೆ, ತೋಟ ಎಲ್ಲ ಕಲಸಿದರೆ ಯಾರಿಗೆ ತೋರಿಸಬೇಕು ಅಂತ ಯೂಟ್ಯೂಬ್‌ಗೇ ಗೊತ್ತಾಗಲ್ಲ.

ಸಾಗರದಕ್ಕ · ಮಾರ್ಚ್ 9

ದಯವಿಟ್ಟು ಡಿಲೀಟ್ ಮಾಡಬೇಡಿ. ನನ್ನ ಕಥೆ ಹೇಳುತ್ತೇನೆ.

ನನ್ನದು ಅಡುಗೆ ಚಾನೆಲ್. ಎರಡು ವರ್ಷದ ಹಿಂದೆ ಹೀಗೇ ಯಾರೋ ಹೇಳಿದರು ಅಂತ ಒಂದೇ ರಾತ್ರಿ ಕೂತು 80 ವಿಡಿಯೋ ಡಿಲೀಟ್ ಮಾಡಿದೆ. ಅಡುಗೆಗೆ ಸಂಬಂಧ ಇಲ್ಲದ್ದೆಲ್ಲ ಹೋಗಲಿ ಅಂತ. ಅದರಲ್ಲಿ ಹನ್ನೊಂದು ವಿಡಿಯೋ ನಮ್ಮ ಮಾವನವರು ಯಕ್ಷಗಾನದ ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದು. ಫೋನ್‌ನಲ್ಲಿ ಇದೆ ಅಂದುಕೊಂಡಿದ್ದೆ. ಆ ಫೋನ್ ಮಳೆಗಾಲದಲ್ಲಿ ಹಾಳಾಗಿ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದೆವು. ಮಾವನವರು ಈಗ ಇಲ್ಲ. ಯೂಟ್ಯೂಬ್‌ನಲ್ಲಿ ಒಮ್ಮೆ ಡಿಲೀಟ್ ಆದದ್ದು ವಾಪಸ್ ಬರುವುದಿಲ್ಲ. ಎಷ್ಟು ಹುಡುಕಿದರೂ ದಾರಿ ಸಿಗಲಿಲ್ಲ.

ಚಾನೆಲ್‌ಗೆ ಅದರಿಂದ ಏನೂ ಉಪಕಾರ ಆಗಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಸ ವಿಡಿಯೋಗಳಿಗೆ ಮೊದಲಿನಷ್ಟೇ ವ್ಯೂಸ್ ಬಂತು.

ಎಡಿಟಿಂಗ್ ಮನೆ (ಶಿವಮೊಗ್ಗ) · ಮಾರ್ಚ್ 10

ಸಾಗರದಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಏಳು ವರ್ಷದಿಂದ ಬೇರೆಯವರ ಚಾನೆಲ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ, ನಿಂತು ಹೋದ ಚಾನೆಲ್‌ಗಳನ್ನು ಎಬ್ಬಿಸಿದ್ದೂ ಇದೆ.

ಘಾಟಿ ಹುಡುಗರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಹಳೇ ವೀಕ್ ವಿಡಿಯೋ ಇದ್ದರೆ ಹೊಸದಕ್ಕೆ ಶಿಕ್ಷೆ ಅನ್ನುವುದನ್ನು ಯೂಟ್ಯೂಬ್‌ನವರೇ ಅಲ್ಲಗಳೆದಿದ್ದಾರೆ. ಒಂದೊಂದು ವಿಡಿಯೋವನ್ನೂ ಬೇರೆ ಬೇರೆಯಾಗಿ, ನೋಡುವವರ ಅಭ್ಯಾಸಕ್ಕೆ ಹೊಂದಿಸಿ ತೋರಿಸುತ್ತದೆ. ಮರೆ ಮಾಡುವುದು ಅಲ್ಗಾರಿದಮ್‌ಗಾಗಿ ಅಲ್ಲ, ಮನೆ ಬಾಗಿಲಿಗೆ ಬಂದ ಮನುಷ್ಯನಿಗಾಗಿ. ಹೊಸ ವಿಡಿಯೋ ಇಷ್ಟವಾಗಿ ಚಾನೆಲ್ ಹೆಸರು ಒತ್ತಿದವರು ಎಂಟು ಹತ್ತು ಥಂಬ್‌ನೇಲ್ ನೋಡಿ ಸಬ್‌ಸ್ಕ್ರೈಬ್ ಮಾಡಬೇಕಾ ಬೇಡವಾ ಅಂತ ತೀರ್ಮಾನಿಸುತ್ತಾರೆ. ಅಲ್ಲಿ ಹಳೇ ಧಾರಣೆ ಕಂಡರೆ ಹೊರಟು ಹೋಗುತ್ತಾರೆ.

ಅದಕ್ಕೆ ವ್ಯೂಸ್ ಕಡಿಮೆ ಅಂತ ಮರೆ ಮಾಡಬೇಡಿ. "ಇದನ್ನು ಇವತ್ತು ನೋಡಿದವರಿಗೆ ಏನಾದರೂ ಸಿಗುತ್ತದಾ" ಅಂತ ಕೇಳಿಕೊಳ್ಳಿ.

ಮೊದಲು ಒಂದು ಲೆಕ್ಕ ತೆಗೆದುಕೊಡಿ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆಯಿರಿ. ಅನಾಲಿಟಿಕ್ಸ್‌ಗೆ ಹೋಗಿ, ಅವಧಿ 365 ದಿನ ಅಂತ ಇಡಿ, ವಿಡಿಯೋಗಳನ್ನು ವಾಚ್ ಟೈಮ್ ಪ್ರಕಾರ ಜೋಡಿಸಿ. ನಾಲ್ಕು ವರ್ಷ ಏನೂ ಹಾಕದಿದ್ದರೂ ಯಾವುದನ್ನು ಜನ ನೋಡುತ್ತಲೇ ಇದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಅದೇ ನಿಮ್ಮ ಬಂಡವಾಳ.

ರಿಪ್ಪನ್‌ಪೇಟೆ ರಸ್ತೆ · ಮಾರ್ಚ್ 10

ನಂದೂ ಹಳೇ ಚಾನೆಲ್ ಇದೆ ಸಾರ್. ಅದರ ಜಿಮೇಲ್ ಪಾಸ್‌ವರ್ಡ್ ಮರೆತಿದೆ, ಕೊಟ್ಟಿದ್ದ ನಂಬರೂ ಈಗ ಇಲ್ಲ. ಅದರಲ್ಲಿರೋ ವಿಡಿಯೋ ಮರೆ ಮಾಡೋದು ಹೇಗೆ?

ಎಡಿಟಿಂಗ್ ಮನೆ · ಮಾರ್ಚ್ 10

ಅದು ಬೇರೆ ವಿಷಯ. ಒಳಗೆ ಹೋಗದೆ ಏನೂ ಮಾಡಲಾಗುವುದಿಲ್ಲ. ಮೊದಲು ಗೂಗಲ್‌ನ ಅಕೌಂಟ್ ರಿಕವರಿ ಪುಟದಿಂದ ಪ್ರಯತ್ನಿಸಿ. ಹಿಂದೆ ಆ ಜಿಮೇಲ್ ಬಳಸುತ್ತಿದ್ದ ಅದೇ ಫೋನ್, ಅದೇ ಮನೆಯ ನೆಟ್‌ನಿಂದ ಮಾಡಿದರೆ ಸಿಗುವ ಸಾಧ್ಯತೆ ಜಾಸ್ತಿ. ದುಡ್ಡು ಕೊಟ್ಟರೆ ತೆಗೆದುಕೊಡುತ್ತೇವೆ ಅನ್ನುವವರನ್ನು ನಂಬಬೇಡಿ.

ತುಂಗಾತೀರದ ತೋಟ · ಮಾರ್ಚ್ 12

ಲೆಕ್ಕ ತೆಗೆದೆವು. ನೋಡಿ ನಮಗೇ ಆಶ್ಚರ್ಯ ಆಯಿತು.

365 ದಿನದಲ್ಲಿ ಒಟ್ಟು 610 ಗಂಟೆ. ಅದರಲ್ಲಿ 340 ಗಂಟೆ ಒಂದೇ ವಿಡಿಯೋದ್ದು: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು, 2019ರದ್ದು. ಕಳಲೆ ಸೋಸಿ, ನೀರು ಬದಲಿಸಿ ಪಲ್ಯಕ್ಕೆ ಹದ ಮಾಡುವುದು 70 ಗಂಟೆ. ಅಡಿಕೆ ಬೇಯಿಸಿ ಚೊಗರು ಕೊಡುವುದು 50. ಕಾಳುಮೆಣಸಿನ ಬಳ್ಳಿ ನಾಟಿ 38. ಕವಲೇದುರ್ಗದ ಕೋಟೆ 22. ಈ ಐದೇ 520 ಗಂಟೆ.

41 ಧಾರಣೆ ವಿಡಿಯೋ ಎಲ್ಲ ಸೇರಿ 19 ಗಂಟೆ. ಸುಮಾರು 2,900 ವ್ಯೂಸ್ ಬಂದಿದೆ, ಆದರೆ ಒಬ್ಬರು ನೋಡಿದ್ದು ಸರಾಸರಿ 24 ಸೆಕೆಂಡ್.

ಎಡಿಟಿಂಗ್ ಮನೆ · ಮಾರ್ಚ್ 12

ಆ 24 ಸೆಕೆಂಡ್ ನೋಡಿ. "ಅಡಿಕೆ ಧಾರಣೆ" ಅಂತ ಹುಡುಕಿ ಬಂದವರು, ತಾರೀಖು ಹಳೇದು ಅಂತ ಗೊತ್ತಾದ ಕೂಡಲೇ ವಾಪಸ್ ಹೋಗಿದ್ದಾರೆ. ವರ್ಷಕ್ಕೆ 2,900 ಸಲ ಒಬ್ಬ ರೈತರಿಗೆ ನಿಮ್ಮ ಚಾನೆಲ್ ನಿರಾಸೆ ಮಾಡಿದೆ. ಇವನ್ನು ಮುಚ್ಚುವುದಕ್ಕೆ ಯೋಚನೆಯೇ ಬೇಡ.

ಮುಚ್ಚುವ ಬಗೆ ಎರಡು. ಪ್ರೈವೇಟ್ ಮಾಡಿದರೆ ನಿಮಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ, ಹಳೇ ಲಿಂಕ್ ಒತ್ತಿದವರಿಗೂ ತೆರೆಯುವುದಿಲ್ಲ. ಅನ್‌ಲಿಸ್ಟೆಡ್ ಮಾಡಿದರೆ ಚಾನೆಲ್ ಪುಟದಲ್ಲಿ, ಹುಡುಕಾಟದಲ್ಲಿ ಕಾಣುವುದಿಲ್ಲ, ಆದರೆ ಲಿಂಕ್ ಇದ್ದವರು ನೋಡಬಹುದು. ಧಾರಣೆಯ ಲಿಂಕ್ ಯಾರಿಗೂ ಬೇಕಾಗಿಲ್ಲ, ಪ್ರೈವೇಟ್ ಮಾಡಿ. ಮದುವೆ, ಉಪನಯನದ್ದು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ, ಅನ್‌ಲಿಸ್ಟೆಡ್ ಸಾಕು. ಆದರೆ ಲಿಂಕ್ ಸಿಕ್ಕಿದ ಯಾರೇ ಆದರೂ ನೋಡಬಹುದು ಅನ್ನುವುದು ನೆನಪಿರಲಿ. ಮಕ್ಕಳು ಜಾಸ್ತಿ ಇರುವ ವಿಡಿಯೋ ಆದರೆ ಅವರ ಮನೆಯವರನ್ನು ಕೇಳಿ.

ಕೆಲಸ ಸುಲಭ. ಸ್ಟುಡಿಯೋದ ಕಂಟೆಂಟ್ ಪಟ್ಟಿಯಲ್ಲಿ ಫಿಲ್ಟರ್ ಒತ್ತಿ ಟೈಟಲ್‌ನಲ್ಲಿ "ಧಾರಣೆ" ಅಂತ ಬರೆದರೆ ಆ 41 ಮಾತ್ರ ಕಾಣುತ್ತವೆ. ಎಲ್ಲಕ್ಕೂ ಟಿಕ್ ಹಾಕಿ, ಎಡಿಟ್ ಒತ್ತಿ, ವಿಸಿಬಿಲಿಟಿ ಆರಿಸಿ, ಪ್ರೈವೇಟ್ ಅಂತ ಕೊಡಿ. ಒಂದೇ ಸಲಕ್ಕೆ ಆಗುತ್ತದೆ. ಫೋನಿನ ಆ್ಯಪ್‌ನಲ್ಲಿ ಒಂದೊಂದೇ ಮಾಡುತ್ತಾ ಕೂರಬೇಡಿ. ಅದಕ್ಕೂ ಮೊದಲು ಯಾವ ವಿಡಿಯೋ ಮುಚ್ಚುತ್ತೀರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾಳೆ ಮನಸ್ಸು ಬದಲಾದರೆ ಮತ್ತೆ ಪಬ್ಲಿಕ್ ಮಾಡಬಹುದು. ವ್ಯೂಸ್, ಕಾಮೆಂಟ್ ಎಲ್ಲ ಹಾಗೇ ಇರುತ್ತದೆ.

ಮುಚ್ಚಿದ ಮೇಲೆ ಮೂರು ಕಡೆ ನೋಡಿ. ಪ್ಲೇಲಿಸ್ಟ್‌ಗಳಲ್ಲಿ ನಡುನಡುವೆ ಖಾಲಿ ಬಿದ್ದಿರುತ್ತದೆ. ಉಳಿದ ವಿಡಿಯೋಗಳ ಕೊನೆಯ ಎಂಡ್ ಸ್ಕ್ರೀನ್ ಮುಚ್ಚಿದ ವಿಡಿಯೋ ಕಡೆ ಕೈ ತೋರಿಸುತ್ತಿರಬಹುದು. ಮುಖಪುಟದ ಟ್ರೇಲರ್ ಅಂತ ಇಟ್ಟದ್ದೇ ಮುಚ್ಚಿಹೋಗಿರಬಹುದು. ನಾನು ನೋಡಿದ ಮಟ್ಟಿಗೆ ಈ ಮೂರನೆಯದನ್ನು ಮರೆಯುವವರೇ ಜಾಸ್ತಿ.

ಘಾಟಿ ಹುಡುಗ · ಮಾರ್ಚ್ 12

ಅನ್‌ಲಿಸ್ಟೆಡ್ ಮಾಡಿದರೆ ವಾಚ್ ಅವರ್ ಹಾಗೇ ಉಳಿಯುತ್ತದೆ ಅಲ್ವಾ? ಮಾನಿಟೈಸ್ ಆಗಲಿಕ್ಕೆ 4,000 ಗಂಟೆ ಬೇಕಲ್ಲ, ಅದಕ್ಕೆ ಎಲ್ಲವನ್ನೂ ಅನ್‌ಲಿಸ್ಟೆಡ್ ಮಾಡಿದರೆ ಲಾಭ.

ಎಡಿಟಿಂಗ್ ಮನೆ · ಮಾರ್ಚ್ 12

ಅನಾಲಿಟಿಕ್ಸ್‌ನಲ್ಲಿ ಉಳಿಯುತ್ತದೆ. ಆದರೆ ಆ 4,000 ಗಂಟೆಗೆ ಪಬ್ಲಿಕ್ ವಿಡಿಯೋ ಮಾತ್ರ ಲೆಕ್ಕ. ಪ್ರೈವೇಟ್, ಅನ್‌ಲಿಸ್ಟೆಡ್, ಡಿಲೀಟ್ ಯಾವುದೂ ಬರುವುದಿಲ್ಲ. ಅದೂ ಕಳೆದ 12 ತಿಂಗಳಿನದ್ದು ಮಾತ್ರ. ಹಾಗಾಗಿ 2019ರಲ್ಲಿ ಎಷ್ಟು ನೋಡಿದ್ದರು ಅನ್ನುವುದು ಈಗ ಲೆಕ್ಕಕ್ಕಿಲ್ಲ. ಅಕ್ಕನ ಚಾನೆಲ್‌ನಲ್ಲಿ ಧಾರಣೆ ಮುಚ್ಚಿದರೆ ಕಳೆದುಕೊಳ್ಳುವುದು 610ರಲ್ಲಿ 19 ಗಂಟೆ. ಈ ಲೆಕ್ಕ ಮಾಡಿಕೊಂಡರೆ ಮುಚ್ಚುವ ಭಯ ಹೋಗುತ್ತದೆ.

ಕವಲೇದುರ್ಗದ್ದು ಪಬ್ಲಿಕ್ ಇರಲಿ, ಮುಖಪುಟದಲ್ಲಿ ಮಾತ್ರ ಇಡಬೇಡಿ. ಉಳಿದ 35 ಪ್ರವಾಸ ಅನ್‌ಲಿಸ್ಟೆಡ್ ಮಾಡಿ.

ಘಾಟಿ ಹುಡುಗ · ಮಾರ್ಚ್ 12

ಕೋಟೆ ನೋಡಲು ಬಂದವನು ಬೋರ್ಡೋ ಯಾಕೆ ನೋಡುತ್ತಾನೆ? ಅದನ್ನೂ ಮುಚ್ಚಬೇಕು ಅಂತಲೇ ನಾನು ಹೇಳುವುದು.

ಎಡಿಟಿಂಗ್ ಮನೆ · ಮಾರ್ಚ್ 12

ನೋಡದೇ ಇರಬಹುದು. ಆದರೆ ಬಂದವನಿಗೆ ಕೋಟೆಯ ದಾರಿ ಸಿಗುತ್ತಿದೆ, ಮೋಸ ಆಗುತ್ತಿಲ್ಲ. ನಾನು ಮುಚ್ಚುವುದಿಲ್ಲ. ನಿಮ್ಮ ಚಾನೆಲ್ ಆದರೆ ನಿಮ್ಮಿಷ್ಟ.

ದೋಟಿ ಮತ್ತು ಕತ್ತಿ (ಹೊಸನಗರ) · ಮಾರ್ಚ್ 13

ನಾನು ಚಾನೆಲ್ ವಿಷಯ ತಿಳಿದವನಲ್ಲ. ನಲವತ್ತು ವರ್ಷ ತೋಟ ಮಾಡಿದವನು. ನಿಮ್ಮ ಬೋರ್ಡೋ ವಿಡಿಯೋ ಹುಡುಕಿ ನೋಡಿದೆ ತಂಗಿ. ಅದರಲ್ಲಿ ತಪ್ಪಿದೆ.

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಹೇಳಿದ್ದು ಸರಿ. ಆದರೆ ತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದ್ದಾರೆ. ಕಬ್ಬಿಣಕ್ಕೆ ತಾಮ್ರ ಹತ್ತಿಕೊಂಡು ದ್ರಾವಣದ ಶಕ್ತಿ ಕುಂದುತ್ತದೆ, ಡ್ರಮ್ಮೂ ತೂತು ಬೀಳುತ್ತದೆ. ಪ್ಲಾಸ್ಟಿಕ್ ಡ್ರಮ್ ಆಗಬೇಕು. ಆಮೇಲೆ ಸುಣ್ಣದ ನೀರನ್ನು ತುತ್ತಕ್ಕೆ ಸುರಿದಿದ್ದಾರೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಕೈ ಬಿಡದೆ ಕಲಕುತ್ತಾ ಹಾಕಬೇಕು. ಕೊನೆಗೆ ಕತ್ತಿ ಪರೀಕ್ಷೆಯನ್ನೇ ಮಾಡಿಲ್ಲ. ಉಜ್ಜಿ ತೊಳೆದ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ, ಹಿಂಗಾರ ಸುಡುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ನೋಡುವುದು ಇದನ್ನೇ ಅಂದರೆ ಇವತ್ತೇ ಮುಚ್ಚಿ.

ತುಂಗಾತೀರದ ತೋಟ · ಮಾರ್ಚ್ 13

ಅಣ್ಣಾ, ನೀವು ಹೇಳಿದ್ದು ನಿಜ. ಆಗ ಯಜಮಾನರಿಗೂ ಅಷ್ಟು ಗೊತ್ತಿರಲಿಲ್ಲ. 2020ರಿಂದ ನಾವೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡುತ್ತಿದ್ದೇವೆ. ವಿಡಿಯೋ ಮಾತ್ರ ಹಾಗೇ ಉಳಿದುಹೋಯಿತು. ಬೇಜಾರಾಗುತ್ತಿದೆ.

ಆದರೆ ಅದನ್ನು ಮುಚ್ಚಿದರೆ ಚಾನೆಲ್‌ನ ಅರ್ಧಕ್ಕಿಂತ ಜಾಸ್ತಿ ಹೋಯಿತು. ಅದೇ ಲಿಂಕ್‌ನಲ್ಲಿ ಹೊಸ ವಿಡಿಯೋ ಹಾಕಲು ಬರುತ್ತದಾ?

ಎಡಿಟಿಂಗ್ ಮನೆ · ಮಾರ್ಚ್ 13

ಬರುವುದಿಲ್ಲ. ಫೈಲ್ ಬದಲಾಯಿಸುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿ ಇಲ್ಲ. ಆದರೆ ಸ್ಟುಡಿಯೋದ ಎಡಿಟರ್‌ನಲ್ಲಿ ನಡುವಿನ ಭಾಗ ಕತ್ತರಿಸಬಹುದು. ಲಿಂಕ್, ವ್ಯೂಸ್, ಕಾಮೆಂಟ್ ಯಾವುದೂ ಹೋಗುವುದಿಲ್ಲ. ಒಂದು ಲಕ್ಷ ವ್ಯೂಸ್ ದಾಟಿದ ವಿಡಿಯೋ ಆದರೆ ಮಾನಿಟೈಸ್ ಆಗದ ಚಾನೆಲ್‌ಗೆ ಈ ಅವಕಾಶ ಇಲ್ಲ. ನಿಮ್ಮದು ಎಷ್ಟಿದೆ?

ತುಂಗಾತೀರದ ತೋಟ · ಮಾರ್ಚ್ 13

61 ಸಾವಿರ. ತಪ್ಪು ಇರುವುದು 4:10ರಿಂದ 5:02ರವರೆಗೆ, 52 ಸೆಕೆಂಡ್. ಆದರೆ ಒಂದು ತೊಂದರೆ. ಎಷ್ಟು ಹೊತ್ತು ನೋಡಿದ್ದಾರೆ ಅನ್ನುವ ಗ್ರಾಫ್ ತೆರೆದೆ. ಎಲ್ಲ ಕಡೆ ಇಳಿಯುತ್ತಾ ಹೋಗುವ ಗೆರೆ ಸರಿಯಾಗಿ 4:10ಕ್ಕೆ ಗುಡ್ಡದ ಹಾಗೆ ಮೇಲೆ ಎದ್ದಿದೆ.

ಎಡಿಟಿಂಗ್ ಮನೆ · ಮಾರ್ಚ್ 13

ಅಂದರೆ ಜನ ಅಲ್ಲಿಗೇ ಎಳೆದುಕೊಂಡು ಹೋಗಿ, ಮತ್ತೆ ಮತ್ತೆ ನೋಡಿದ್ದಾರೆ. ಬೆರೆಸುವುದನ್ನು ನೋಡಲಿಕ್ಕೇ ಬಂದದ್ದು. ಅದನ್ನೇ ಕತ್ತರಿಸಿದರೆ ಊಟಕ್ಕೆ ಕರೆದು ಬರೀ ಎಲೆ ಹಾಕಿದ ಹಾಗಾಗುತ್ತದೆ. ಆದರೂ ತಪ್ಪು ಹೇಳುವುದಕ್ಕಿಂತ ಅದು ಮೇಲು.

ನಾನಾದರೆ ಹೀಗೆ ಮಾಡುತ್ತೇನೆ. ಇವತ್ತೇ ಆ 52 ಸೆಕೆಂಡ್ ಕತ್ತರಿಸುವುದು. ಸೇವ್ ಮಾಡಿದ ಮೇಲೆ ಕೆಲವು ಗಂಟೆ ಹಳೇದೇ ಕಾಣಬಹುದು, ಗಾಬರಿ ಬೇಡ. ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೂ ಪಿನ್ ಮಾಡಿದ ಕಾಮೆಂಟ್‌ನಲ್ಲೂ "ಬೆರೆಸುವ ಭಾಗದಲ್ಲಿ ತಪ್ಪಿತ್ತು, ತೆಗೆದಿದ್ದೇವೆ, ಸರಿಯಾದ ವಿಧಾನ ಹೀಗಿದೆ" ಅಂತ ನಾಲ್ಕು ಸಾಲು ಬರೆಯುವುದು. ಏಪ್ರಿಲ್‌ನಲ್ಲಿ ಹೊಸ ವಿಡಿಯೋ ಮಾಡಿ, ಹಳೇದರ 4:10ಕ್ಕೆ ಅದರ ಕಾರ್ಡ್ ಇಡುವುದು. ನೋಡುತ್ತಿದ್ದವರು ಅಲ್ಲಿಂದಲೇ ಹೊಸದಕ್ಕೆ ಹೋಗುತ್ತಾರೆ. ಟ್ರಿಮ್ ಆದ ಮೇಲೆ ಎಂಡ್ ಸ್ಕ್ರೀನ್ ಸರಿ ಇದೆಯಾ ಅಂತಲೂ ನೋಡಿ.

ಮುಂಗಾರಿಗೆ ಮುಂಚಿನ ಮೊದಲ ಔಷಧಿಗೆ ಇನ್ನೂ ಎರಡು ತಿಂಗಳಿದೆ. ಸಮಯ ಇದೆ.

ದೋಟಿ ಮತ್ತು ಕತ್ತಿ · ಮಾರ್ಚ್ 14

ಎಲೆಚುಕ್ಕಿಗೆ ಅಂತ ಬೇರೆ ಸಮಯದಲ್ಲೂ ಬೋರ್ಡೋ ಹೊಡೆಯುವವರಿದ್ದಾರೆ, ಸಮಯ ಇದೆ ಅನ್ನಬೇಡಿ. ಇನ್ನೊಂದು ಮಾತು. ಕಾಮೆಂಟ್ ಓದುವವರು ಎಷ್ಟು ಜನ? ನಮ್ಮಂಥವರು ಪರದೆ ಮೇಲೆ ಕಂಡದ್ದನ್ನು ಮಾಡುತ್ತೇವೆ. ಕತ್ತರಿಸುವುದು ಒಳ್ಳೆಯದು. ಪೂರ್ತಿ ಮುಚ್ಚುವುದು ಇನ್ನೂ ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ.

ತುಂಗಾತೀರದ ತೋಟ · ಮಾರ್ಚ್ 16

ನಿನ್ನೆ ಕತ್ತರಿಸಿದೆವು. ಧಾರಣೆ 41 ಪ್ರೈವೇಟ್, ಮನೆಯದು 17 ಮತ್ತು ಪ್ರವಾಸ 35 ಅನ್‌ಲಿಸ್ಟೆಡ್. ತೋಟ, ಅಡುಗೆಯಲ್ಲಿ ಮಾತೇ ಕೇಳದ, ಬರೀ ಗಾಳಿ ಸದ್ದು ಇರುವ 14 ವಿಡಿಯೋ ಇದ್ದವು. ಅವನ್ನೂ ಪ್ರೈವೇಟ್ ಮಾಡಿದೆವು. ಈಗ 36 ಕಾಣುತ್ತಿವೆ. ಚಾನೆಲ್ ತೆರೆದರೆ ನಮ್ಮ ತೋಟ ಕಾಣುತ್ತದೆ.

ಇನ್ನು ಹೆಸರು, ಬ್ಯಾನರ್ ಹೇಳಿ.

ಎಡಿಟಿಂಗ್ ಮನೆ · ಮಾರ್ಚ್ 16

"ವ್ಲಾಗ್ಸ್" ತೆಗೆಯಿರಿ. ಹೆಸರಲ್ಲಿ ತೋಟ ಇರಲಿ. ಕನ್ನಡದಲ್ಲೇ ಬರೆಯಿರಿ. 14 ದಿನದಲ್ಲಿ ಎರಡು ಸಲ ಮಾತ್ರ ಬದಲಾಯಿಸಲು ಬಿಡುತ್ತದೆ, ಹಾಗಾಗಿ ಯೋಚಿಸಿ ಒಮ್ಮೆ ಮಾಡಿ. ಹ್ಯಾಂಡಲ್ ಅಂದರೆ @ ಇರುವ ಹೆಸರು ಬದಲಾಯಿಸುವುದಾದರೆ, ಅದನ್ನು ಎಲ್ಲಾದರೂ ಬೋರ್ಡ್‌ನಲ್ಲಿ ಬರೆಸಿದ್ದೀರಾ ನೋಡಿಕೊಳ್ಳಿ. ಹಳೇ ಹ್ಯಾಂಡಲ್ 14 ದಿನ ನಿಮಗಾಗಿ ಇರುತ್ತದೆ, ಆಮೇಲೆ ಬೇರೆಯವರು ತೆಗೆದುಕೊಳ್ಳಬಹುದು.

ಬ್ಯಾನರ್‌ನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಚಿತ್ರ ಕಡಿಮೆ ಎಂದರೆ 2048 x 1152 ಪಿಕ್ಸೆಲ್ ಇರಬೇಕು. ಅಷ್ಟು ಪೂರ್ತಿ ಕಾಣುವುದು ಟಿವಿಯಲ್ಲಿ ಮಾತ್ರ. ಫೋನ್‌ನಲ್ಲಿ ನಡುವಿನ 1235 x 338ರಷ್ಟು ಪಟ್ಟಿ ಉಳಿಯುತ್ತದೆ. ಅಕ್ಷರ ಅದರೊಳಗೇ ಇರಬೇಕು. ನಿಮ್ಮ ಜನ ನೋಡುವುದು ಫೋನ್‌ನಲ್ಲಿ, ಮಾಡಿದ ಮೇಲೆ ನಿಮ್ಮ ಫೋನ್ ಅಲ್ಲದೆ ಪಕ್ಕದ ಮನೆಯವರ ಫೋನ್‌ನಲ್ಲೂ ತೆರೆದು ನೋಡಿ.

ಪ್ರೊಫೈಲ್ ಚಿತ್ರದೊಳಗೆ ಹೆಸರು ಬರೆಸಬೇಡಿ. ಕಾಮೆಂಟ್ ಪಕ್ಕ ಅದು ಒಂದು ಕಾಳಿನಷ್ಟು ಕಾಣುತ್ತದೆ. ಕನ್ನಡದ ಒತ್ತಕ್ಷರ ಅಷ್ಟು ಚಿಕ್ಕದರಲ್ಲಿ ಕಲಸಿಹೋಗುತ್ತದೆ. ಒಂದು ಹಣ್ಣಡಿಕೆ ಗೊನೆ, ಇಲ್ಲ ನಿಮ್ಮಿಬ್ಬರ ಮುಖ, ಅಷ್ಟು ಸಾಕು.

ಸಾಗರದಕ್ಕ · ಮಾರ್ಚ್ 16

ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ನನ್ನ ಅನಾಲಿಟಿಕ್ಸ್‌ನ ಹುಡುಕಾಟದ ಪಟ್ಟಿಯಲ್ಲಿ "ಕಳಲೆ ಪಲ್ಯ"ಕ್ಕಿಂತ `kalale palya` ಮೇಲಿದೆ. ಟೈಟಲ್ ಕನ್ನಡದಲ್ಲಿ ಇಟ್ಟು, ಡಿಸ್ಕ್ರಿಪ್ಷನ್‌ನಲ್ಲಿ ಇದನ್ನೂ ಒಂದು ವಾಕ್ಯದಲ್ಲಿ ಬರೆಯುತ್ತೇನೆ.

ತುಂಗಾತೀರದ ತೋಟ · ಮಾರ್ಚ್ 16

ಅಕ್ಕ, ಈಗಲೇ ನೋಡಿದೆ. ನಮ್ಮದರಲ್ಲೂ `adike koleroga` ಮೊದಲನೆಯದು!

ಯಜಮಾನರು ವಾರಕ್ಕೆ ಎರಡು ವಿಡಿಯೋ ಹಾಕೋಣ ಅನ್ನುತ್ತಿದ್ದಾರೆ.

ಎಡಿಟಿಂಗ್ ಮನೆ · ಮಾರ್ಚ್ 17

ವಾರಕ್ಕೆ ಎರಡು ಅಂದವರು ಮೂರನೇ ವಾರಕ್ಕೆ ನಿಲ್ಲಿಸಿದ್ದನ್ನು ಜಾಸ್ತಿ ನೋಡಿದ್ದೇನೆ. ಹದಿನೈದು ದಿನಕ್ಕೆ ಒಂದು ಇಟ್ಟುಕೊಳ್ಳಿ. ಆದರೆ ಮೊದಲನೆಯದನ್ನು ಹಾಕುವ ಮೊದಲು ನಾಲ್ಕು ಪೂರ್ತಿ ಸಿದ್ಧ ಇರಲಿ. ಅಂದರೆ ಎರಡು ತಿಂಗಳ ದಾಸ್ತಾನು. ನಿಮ್ಮಲ್ಲಿ ಮಳೆ ಶುರುವಾದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಪೇಟೆಗೆ ಬಂದಾಗ ಅಪ್‌ಲೋಡ್ ಮಾಡಿ ದಿನಾಂಕ ಕೊಟ್ಟು ಶೆಡ್ಯೂಲ್ ಮಾಡಿಬಿಟ್ಟರೆ ಆ ದಿನ ತಾನೇ ಪಬ್ಲಿಕ್ ಆಗುತ್ತದೆ.

ಸಿದ್ಧ ಇದೆ ಅಂತ ನಾಲ್ಕನ್ನೂ ಒಂದೇ ದಿನ ಹಾಕಬೇಡಿ. ಒಬ್ಬರಿಗೆ ಒಂದು ಚಾನೆಲ್‌ನಿಂದ 24 ಗಂಟೆಯಲ್ಲಿ ಮೂರಕ್ಕಿಂತ ಜಾಸ್ತಿ ಹೊಸ ವಿಡಿಯೋ ನೋಟಿಫಿಕೇಷನ್ ಹೋಗುವುದಿಲ್ಲ.

ಮೊದಲ ವಿಡಿಯೋ "ಇಷ್ಟು ದಿನ ಯಾಕೆ ಬರಲಿಲ್ಲ" ಅನ್ನುವುದು ಬೇಡ. ಆ ತಿಂಗಳು ಜನಕ್ಕೆ ಬೇಕಾದ ಕೆಲಸದ ವಿಡಿಯೋ ಇರಲಿ. ಯಾಕೆ ಬರಲಿಲ್ಲ ಅನ್ನುವುದನ್ನು ಅದರೊಳಗೆ ಎರಡು ಮಾತಲ್ಲಿ ಹೇಳಿ.

ವಾರದ ದಿನಕ್ಕಿಂತ ನಿಮಗೆ ಋತು ಮುಖ್ಯ. ಹುಡುಕಾಟದಿಂದ ಜನ ಬರುವ ವಿಡಿಯೋ ಮೇಲೆ ಬರಲು ಕೆಲವು ವಾರ ಬೇಕು. ಬೋರ್ಡೋ ಹೊಸದು ಮೇ ಮೊದಲ ವಾರದಲ್ಲಿ ಇರಬೇಕು, ರೈತರು ಮೈಲುತುತ್ತ ಕೊಳ್ಳುವ ಮೊದಲು. ಜೂನ್‌ನಲ್ಲಿ ಹಾಕಿದರೆ ತಡ. ಕಳಲೆಗೆ ಇದೇ ಕಷ್ಟ, ಮಳೆ ಬಂದ ಮೇಲೇ ಮೊಳಕೆ ಸಿಗುವುದು. ಈ ಜುಲೈನಲ್ಲಿ ಚಿತ್ರೀಕರಿಸಿ ಮುಂದಿನ ವರ್ಷ ಜೂನ್ ಮೊದಲ ವಾರಕ್ಕೆ ಇಟ್ಟುಕೊಳ್ಳಿ.

ತುಂಗಾತೀರದ ತೋಟ · ಮಾರ್ಚ್ 17

ಬೋರ್ಡೋ ಒಪ್ಪಿದೆ. ಕಳಲೆ ಮಾತ್ರ ಒಂದು ವರ್ಷ ಕಾಯಲು ನನ್ನಿಂದ ಆಗಲ್ಲ ಸಾರ್. ಮಳೆ ಬೀಳುವಾಗಲೇ ಹಾಕಬೇಕು ಅನ್ನಿಸುತ್ತದೆ. ನೋಡುವವರಿಗೂ ಅದೇ ಮಳೆ ಇರುತ್ತದಲ್ಲ.

ತುಂಗಾತೀರದ ತೋಟ · ಏಪ್ರಿಲ್ 14

ಮೊದಲ ಹೊಸ ವಿಡಿಯೋ ಏಪ್ರಿಲ್ 6ಕ್ಕೆ ಹಾಕಿದೆವು. ಬೇಸಿಗೆಯಲ್ಲಿ ಅಡಿಕೆ ಸಸಿಗೆ ನೆರಳು, ನೀರು ಕೊಡುವುದು. ಒಂದು ವಾರಕ್ಕೆ 184 ವ್ಯೂಸ್. 2,900 ಜನ ಇದ್ದೂ 184. ಯಜಮಾನರು ಸಪ್ಪಗಾಗಿದ್ದಾರೆ.

ಘಾಟಿ ಹುಡುಗ · ಏಪ್ರಿಲ್ 14

ನಾನು ಹೇಳಿದ್ದೆನಲ್ಲ, ಹೊಸ ಚಾನೆಲ್ ಮಾಡಿ ಅಂತ.

ಎಡಿಟಿಂಗ್ ಮನೆ · ಏಪ್ರಿಲ್ 14

ಅಕ್ಕ, ಆ 2,900 ಜನ ಯಾವಾಗ, ಯಾವ ವಿಡಿಯೋ ನೋಡಿ ಬಂದರು ಅಂತ ಅನಾಲಿಟಿಕ್ಸ್‌ನಲ್ಲಿ ನೋಡಿ. 2019ರಲ್ಲಿ ಧಾರಣೆ ನೋಡಲು ಬಂದವರೇ ಜಾಸ್ತಿ ಇದ್ದರೆ, ಅವರಿಗೆ ಸಸಿಗೆ ನೀರು ಹಾಕುವುದು ಬೇಕಾಗಿರಲಿಕ್ಕಿಲ್ಲ. ಎಷ್ಟೋ ಜನ ಫೋನ್, ಜಿಮೇಲ್ ಬದಲಾಯಿಸಿರುತ್ತಾರೆ. ಹಳೇ ಸಂಖ್ಯೆಯ ಜೊತೆ ಹೋಲಿಸಬೇಡಿ. ಆ 184 ಜನ ಎಷ್ಟು ಹೊತ್ತು ನೋಡಿದರು ಅಂತ ನೋಡಿ.

ತುಂಗಾತೀರದ ತೋಟ · ಏಪ್ರಿಲ್ 15

6 ನಿಮಿಷದ ವಿಡಿಯೋ, ಸರಾಸರಿ 3:20. ಹೌದು, ಸಬ್‌ಸ್ಕ್ರೈಬರ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಧಾರಣೆ ವಿಡಿಯೋಗಳಿಂದ ಬಂದವರು.

ತುಂಗಾತೀರದ ತೋಟ · ಜೂನ್ 3

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ನಿನ್ನೆಯಿಂದ ಕರೆಂಟ್ ಇರಲಿಲ್ಲ.

ಬೋರ್ಡೋ ಹೊಸದು ಮೇ 4ಕ್ಕೆ ಹಾಕಿದೆವು. ಪ್ಲಾಸ್ಟಿಕ್ ಡ್ರಮ್, ತುತ್ತ ಸುಣ್ಣಕ್ಕೆ ಸುರಿಯುವುದು, ಕತ್ತಿ ಪರೀಕ್ಷೆ ಎಲ್ಲ ಹತ್ತಿರದಿಂದ ತೋರಿಸಿದ್ದೇವೆ. ಒಮ್ಮೆ ಬೇಕಂತಲೇ ಸುಣ್ಣ ಕಡಿಮೆ ಹಾಕಿ ಕತ್ತಿ ಕೆಂಪಾಗುವುದನ್ನೂ ತೋರಿಸಿದೆವು. ನಾಲ್ಕು ವಾರಕ್ಕೆ 1,140 ವ್ಯೂಸ್, ನೂರಕ್ಕೆ 61 ಹುಡುಕಿ ಬಂದವರು. 7:10ರ ವಿಡಿಯೋ, ಸರಾಸರಿ 4:32 ನೋಡಿದ್ದಾರೆ. ಕತ್ತಿ ಕೆಂಪಾಗುವ ಜಾಗದಲ್ಲಿ ಗ್ರಾಫ್ ಎದ್ದಿದೆ. ಹೊಸ ಸಬ್‌ಸ್ಕ್ರೈಬರ್ಸ್ 47 ಜನ.

ಹಳೇ ವಿಡಿಯೋ ಮುಂಚಿಗಿಂತ ಕಡಿಮೆ ಹೊತ್ತು ನೋಡುತ್ತಿದ್ದಾರೆ, ಅದು ನಿರೀಕ್ಷೆ ಇತ್ತು. ಆದರೆ ಹುಡುಕಿದರೆ ಈಗಲೂ ಅದೇ ಮೇಲೆ ಬರುತ್ತದೆ, ಹೊಸದು ನಾಲ್ಕನೆಯದು. ಹಳೇದನ್ನು ಈಗ ಅನ್‌ಲಿಸ್ಟೆಡ್ ಮಾಡಿದರೆ ಹೊಸದು ಮೇಲೆ ಬರುತ್ತದಾ?

ಎಡಿಟಿಂಗ್ ಮನೆ · ಜೂನ್ 3

ಬರುತ್ತದೆ ಅಂತ ಮಾತು ಕೊಡಲಾರೆ. ನಿಮ್ಮ ಜಾಗಕ್ಕೆ ಬೇರೆಯವರ ವಿಡಿಯೋ ಬರಬಹುದು. ಈ ಮಳೆಗಾಲ ಮುಗಿಯುವವರೆಗೆ ಎರಡೂ ಇರಲಿ. ಎರಡನೇ ಔಷಧಿ 40-45 ದಿನಕ್ಕೆ ಇರುತ್ತದಲ್ಲ, ಆಗ ಕಾರ್ಡ್‌ನಿಂದ ಎಷ್ಟು ಜನ ಹೊಸದಕ್ಕೆ ಹೋದರು ಅಂತ ನೋಡಿ ತೀರ್ಮಾನಿಸಿ.

ದೋಟಿ ಮತ್ತು ಕತ್ತಿ · ಜೂನ್ 4

ಹೊಸದನ್ನು ನೋಡಿದೆ ತಂಗಿ. ಚೆನ್ನಾಗಿ ತೋರಿಸಿದ್ದೀರಿ. ಹಳೇದನ್ನು ಮುಚ್ಚಿ ಅನ್ನುವ ನನ್ನ ಮಾತು ಹಾಗೇ ಇದೆ.

ಸಾಗರದಕ್ಕ · ಜೂನ್ 5

ಈ ಚರ್ಚೆ ಓದಿದ ಮೇಲೆ ನಾನು ನೆಂಟರಿಗೆಲ್ಲ ಫೋನ್ ಮಾಡಿದೆ. ಮಾವನವರ ಹನ್ನೊಂದು ವಿಡಿಯೋದಲ್ಲಿ ಆರು ನಮ್ಮ ಮೈದುನನ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಅಡುಗೆ ಚಾನೆಲ್‌ಗೇ ಹಾಕಿ ಅನ್‌ಲಿಸ್ಟೆಡ್ ಇಡಲಾ, ಅವರ ಹೆಸರಲ್ಲೇ ಬೇರೆ ಚಾನೆಲ್ ಮಾಡಲಾ?

ಎಡಿಟಿಂಗ್ ಮನೆ · ಜೂನ್ 5

ಮೊದಲು ಆ ಆರನ್ನೂ ಇನ್ನೆರಡು ಕಡೆ ಕಾಪಿ ಮಾಡಿಡಿ. ಯೂಟ್ಯೂಬ್ ಅನ್ನು ಕಪಾಟು ಅಂದುಕೊಳ್ಳಬೇಡಿ, ಸ್ಟುಡಿಯೋದಿಂದ ವಾಪಸ್ ಇಳಿಸಿಕೊಂಡರೆ 720ಪಿ ವರೆಗೆ ಮಾತ್ರ ಸಿಗುತ್ತದೆ. ಆಮೇಲೆ ಬೇರೆ ಚಾನೆಲ್ ಮಾಡಿ, ಪಬ್ಲಿಕ್ ಆಗಿಯೇ ಇಡಿ. ತಾಳಮದ್ದಳೆ ಹುಡುಕುವವರು ಇದ್ದಾರೆ ಅಕ್ಕ.